ಡಾಕ್ಸಿಸೈಕ್ಲಿನ್ ನುಂಗುವಾಗ ನೀರೆಷ್ಟು, ಬಿಸಿಲೆಷ್ಟು

ನವೆಂಬರ್ ಬಂತೆಂದರೆ ಶಿರಸಿ ಸೀಮೆಯಲ್ಲಿ ಕೊನೆಕೊಯ್ಲು. ಮನೆಮನೆಯ ಅಂಗಳದಲ್ಲಿ ಅಡಿಕೆ ಬೇಯುವ ವಾಸನೆ. ಅದೇ ಹೊತ್ತಿಗೆ ಔಷಧಿ ಅಂಗಡಿಯ ಕೌಂಟರಿಗೆ ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯೋಟಿಕ್ ಬರೆದ ಚೀಟಿಗಳೂ ಬರುತ್ತಿರುತ್ತವೆ. ಮಳೆಗಾಲದಲ್ಲಿ ಗದ್ದೆಯ ಕೆಸರಲ್ಲಿ ನಿಂತವರಿಗೆ ಇಲಿಜ್ವರಕ್ಕೆಂದು ಬರೆದದ್ದಿರುತ್ತದೆ, ಮಳೆ ನಿಂತ ಮೇಲೆ ಹುಲ್ಲು, ಪೊದೆಗಳಲ್ಲಿ ಓಡಾಡಿದವರಿಗೆ ಸಣ್ಣ ಹುಳು ಕಚ್ಚಿ ಬರುವ ಸ್ಕ್ರಬ್ ಟೈಫಸ್‌ಗೆಂದು ಬರೆದದ್ದಿರುತ್ತದೆ. ದೊಡ್ಡವರಿಗೆ ಎರಡಕ್ಕೂ ಸಾಮಾನ್ಯವಾಗಿ ಒಂದೇ ಲೆಕ್ಕ: 100 ಮಿಲಿಗ್ರಾಂ ಕ್ಯಾಪ್ಸೂಲ್, ಬೆಳಿಗ್ಗೆ ಒಂದು, ರಾತ್ರಿ ಒಂದು, ಏಳು ದಿನ. ಒಟ್ಟು ಹದಿನಾಲ್ಕು.

ಚೀಟಿಯ ಮೇಲೆ ‘1-0-1, ಊಟದ ನಂತರ’ ಎಂದಷ್ಟೇ ಇರುತ್ತದೆ. ಎಷ್ಟು ನೀರು ಕುಡಿಯಬೇಕು, ನುಂಗಿದ ಮೇಲೆ ಎಷ್ಟು ಹೊತ್ತು ಮಲಗಬಾರದು, ಬಿಸಿಲಿಗೆ ಯಾವಾಗ ಹೋಗಬಾರದು ಎನ್ನುವುದಕ್ಕೆ ಆ ಸಣ್ಣ ಚೀಟಿಯಲ್ಲಿ ಜಾಗವಿಲ್ಲ. ಕೊಡುವವರು ಬಾಯಲ್ಲಿ ಹೇಳಬೇಕು. ಅಂಗಡಿಯಲ್ಲಿ ಜನ ತುಂಬಿದ್ದಾಗ ಆ ಮಾತೇ ಬಿಟ್ಟುಹೋಗುತ್ತದೆ. ಹಾಗೆ ಬಿಟ್ಟುಹೋದರೆ ಏನಾಗುತ್ತದೆ ಎಂಬುದನ್ನು ನಮ್ಮ ನೆರೆಮನೆಯಲ್ಲೇ ಮೊದಲಿನಿಂದ ಕೊನೆಯವರೆಗೂ ನೋಡಿದೆ. ಔಷಧಿ ಅಳೆದು ಕೊಡುವ ಕೆಲಸದವಳಾದ್ದರಿಂದ ಒಂದೊಂದು ಹಂತವನ್ನೂ ಕೇಳಿ ತಿಳಿದುಕೊಂಡೆ.

ನೆರೆಮನೆಯ ಭಾವನಿಗೆ ಐವತ್ತೈದು ದಾಟಿದೆ. ಆರು ದಿನ ಬಿಡದ ಜ್ವರ, ತಲೆನೋವು. ಸೊಂಟದಲ್ಲಿ ಪಂಚೆ ಕಟ್ಟುವ ಕಡೆ ಬೀಡಿಯಿಂದ ಸುಟ್ಟಂಥ ಕಪ್ಪು ಹಕ್ಕಳೆ ಕಂಡ ಡಾಕ್ಟರು ಸ್ಕ್ರಬ್ ಟೈಫಸ್ ಎಂದು ಗುರುತಿಸಿ ಔಷಧ ಶುರು ಮಾಡಿದರು. ಎರಡು ದಿನದೊಳಗೆ ಜ್ವರ ಇಳಿಯಿತು. ಈ ಕಾಯಿಲೆಗೆ ಡಾಕ್ಸಿಸೈಕ್ಲಿನ್ ಹೀಗೆಯೇ ಕೆಲಸ ಮಾಡುತ್ತದೆ. 48 ಗಂಟೆಯಾದರೂ ಜ್ವರ ಜಗ್ಗದಿದ್ದರೆ ಡಾಕ್ಟರು ಬೇರೆ ಕಾರಣ ಹುಡುಕುತ್ತಾರೆ. ಮೂರನೆಯ ದಿನ ಭಾವ ಎದ್ದು ಓಡಾಡಿದ, ರಾತ್ರಿ ಅಡಿಕೆ ಸುಲಿಯುವವರ ಜೊತೆ ಹತ್ತರವರೆಗೂ ಕೂತಿದ್ದ. ಹಾಸಿಗೆಯಲ್ಲಿ ಮಲಗಿದ ಮೇಲೆ ಮಾತ್ರೆಯ ನೆನಪಾಯಿತು. ಆರನೆಯ ಕ್ಯಾಪ್ಸೂಲು. ತಲೆಯ ಹತ್ತಿರ ಇಟ್ಟಿದ್ದ ತಂಬಿಗೆಯನ್ನು ಮೊಣಕೈ ಊರಿಕೊಂಡೇ ಎತ್ತಿ, ಬಾಯಿಗೆ ಒಂದು ಗುಟುಕು ನೀರು ಬಿಟ್ಟುಕೊಂಡು ನುಂಗಿ, ಮಗ್ಗುಲಾದ.

ಮೂರು ಗಂಟೆಗೆ ಎದೆನೋವೆಂದು ಎಚ್ಚರವಾಯಿತು. ಎದೆಯ ನಟ್ಟನಡುವೆ, ಮೂಳೆಯ ಹಿಂದೆ, ಕೆಂಡ ಇಟ್ಟ ಹಾಗೆ. ಎಂಜಲು ನುಂಗಿದರೂ ನೋವು. ಮನೆಯವರು ಆಸಿಡಿಟಿಯ ಸಿರಪ್ಪು ಕುಡಿಸಿದರು, ಬಿಸಿನೀರು ಕೊಟ್ಟರು. ಬಿಸಿನೀರು ಇಳಿಯುವಾಗ ನೋವು ಇನ್ನೂ ಹೆಚ್ಚಿತು. ಹೃದಯದ್ದೇ ಇರಬಹುದೆಂದು ಹೆದರಿ ನಸುಕಿನಲ್ಲೇ ಆಸ್ಪತ್ರೆಗೆ ಕರೆದೊಯ್ದರು.

ಕರೆದೊಯ್ದದ್ದು ಸರಿ. ಈ ವಯಸ್ಸಿನಲ್ಲಿ ಎದೆನೋವು ಬಂದರೆ ‘ಮಾತ್ರೆ ಸಿಕ್ಕಿರಬೇಕು’ ಎಂದು ಮನೆಯಲ್ಲೇ ತೀರ್ಮಾನಿಸುವಂತಿಲ್ಲ. ಮೊದಲು ಇಸಿಜಿ ಆಗಲೇಬೇಕು. ಅದು ಸರಿಯಾಗಿ ಬಂದ ಮೇಲೆ ಡಾಕ್ಟರು ಒಂದೇ ಪ್ರಶ್ನೆ ಕೇಳಿದರಂತೆ: ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ, ಕೊನೆಯದನ್ನು ಹೇಗೆ ನುಂಗಿದಿರಿ? ಉತ್ತರದಲ್ಲೇ ರೋಗ ಗೊತ್ತಾಯಿತು. ನಾನು ಆಮೇಲೆ ಕೇಳಿದಾಗಲೂ ಭಾವ ಅದನ್ನೇ ಹೇಳಿದ: “ಒಂದೇ ಗುಟುಕು ಸಾಕಾತು ತಂಗೀ, ಸಣ್ಣ ಮಾತ್ರೆ ಅಲ್ದಾ.”

ಮಾತ್ರೆಯೇನೋ ಸಣ್ಣದೇ. ತೊಂದರೆ ಇರುವುದು ಅದರ ಗುಣದಲ್ಲಿ. ಬಾಯಿಯಿಂದ ಹೊಟ್ಟೆಗೆ ಹೋಗುವ ಅನ್ನನಾಳ ಸುಮಾರು 25 ಸೆಂಟಿಮೀಟರ್ ಉದ್ದದ ಮೆತ್ತನೆಯ ಕೊಳವೆ. ಒಳಗೇನೂ ಇಲ್ಲದಾಗ ಅದರ ಗೋಡೆಗಳು ಒಂದಕ್ಕೊಂದು ಒತ್ತಿಕೊಂಡಿರುತ್ತವೆ. ಎದೆಯ ನಡುಭಾಗದಲ್ಲಿ ಹೃದಯದಿಂದ ಹೊರಟ ದೊಡ್ಡ ರಕ್ತನಾಳ ಬಾಗಿ ಅದನ್ನು ಪಕ್ಕದಿಂದ ಒತ್ತುತ್ತದೆ. ಮಾತ್ರೆಗಳು ಹೆಚ್ಚಾಗಿ ಸಿಕ್ಕಿಕೊಳ್ಳುವುದು ಅಲ್ಲೇ. ಕ್ಯಾಪ್ಸೂಲಿನ ಹೊರಕವಚ ಜೆಲಾಟಿನ್ನಿನದು. ಒದ್ದೆ ಬೆರಳಿನ ತುದಿಗೆ ಒಂದು ಕ್ಯಾಪ್ಸೂಲು ತಾಗಿಸಿ ನೋಡಿ. ಸ್ವಲ್ಪ ಹೊತ್ತಿನಲ್ಲೇ ಬೆರಳಿಗೆ ಅಂಟಿಕೊಂಡು, ಕೈ ಮಗುಚಿದರೂ ಬೀಳುವುದಿಲ್ಲ. ಕೌಂಟರಿನಲ್ಲಿ ನಾನು ಮಾತಿನಲ್ಲಿ ಹೇಳುವುದಕ್ಕಿಂತ ಇದನ್ನು ಮಾಡಿ ತೋರಿಸುವುದೇ ಹೆಚ್ಚು. ಅಂಟುವಷ್ಟು ಒದ್ದೆ, ಆದರೆ ಜಾರಿ ಹೋಗುವಷ್ಟು ನೀರಿಲ್ಲ. ಒಂದು ಗುಟುಕಿನಲ್ಲಿ ನುಂಗಿದಾಗ ಎದೆಯೊಳಗೂ ಹೀಗೇ ಆಗುತ್ತದೆ.

ಅಂಟಿದ ಕವಚ ಅಲ್ಲೇ ಕರಗಿ ಒಳಗಿನ ಪುಡಿ ಹೊರಬೀಳುತ್ತದೆ. ನಮ್ಮಲ್ಲಿ ಹೆಚ್ಚಾಗಿ ಸಿಗುವುದು ಹೈಕ್ಲೇಟ್ ಎಂಬ ರೂಪದ ಡಾಕ್ಸಿಸೈಕ್ಲಿನ್. ನೀರಲ್ಲಿ ಕರಗಿದಾಗ ಅದರ ಪಿಎಚ್ ಎರಡು, ಮೂರರ ಆಸುಪಾಸಿನಲ್ಲಿರುತ್ತದೆ. ನಿಂಬೆರಸದ ಹುಳಿಗೆ ಸಮ ಎನ್ನಬಹುದು. ನೂರು ಮಿಲಿಗ್ರಾಂ ಪುಡಿ ಒಂದೇ ಕಡೆ, ಕಾಳಿನಷ್ಟು ಜಾಗದಲ್ಲಿ, ತೊಳೆದು ಹೋಗದೆ ಗಂಟೆಗಟ್ಟಲೆ ಕೂತರೆ ಒಳಪದರ ಸುಟ್ಟು ಹುಣ್ಣಾಗುತ್ತದೆ. ಎದುರು ಬದಿಯ ಗೋಡೆಯೂ ತಾಗಿಕೊಂಡೇ ಇರುವುದರಿಂದ ಎಷ್ಟೋ ಸಲ ಎದುರುಬದುರಾಗಿ ಎರಡು ಹುಣ್ಣುಗಳಾಗುತ್ತವೆ. ಎಚ್ಚರದಲ್ಲಿದ್ದಾಗ ನಾವು ಗಮನವಿಲ್ಲದೆಯೇ ಎಂಜಲು ನುಂಗುತ್ತಿರುತ್ತೇವೆ, ಅದು ನಾಳವನ್ನು ತೊಳೆಯುತ್ತಿರುತ್ತದೆ. ನಿದ್ದೆಯಲ್ಲಿ ಎಂಜಲೂ ಕಡಿಮೆ, ನುಂಗುವುದೂ ಅಪರೂಪ. ಮಲಗಿದವನ ಅನ್ನನಾಳ ಅಡ್ಡವಾಗಿರುವುದರಿಂದ ಭಾರಕ್ಕೆ ಜಾರಿ ಇಳಿಯುವುದೂ ಇಲ್ಲ. ಹಗಲಲ್ಲಿ ಅದೇ ಭಾವ ಅರ್ಧ ಲೋಟ ನೀರಲ್ಲಿ ನುಂಗಿ ತಪ್ಪಿಸಿಕೊಂಡಿದ್ದ, ರಾತ್ರಿ ಸಿಕ್ಕಿಬಿದ್ದ.

ಇದು ಹೃದಯದ ನೋವೋ, ಮಾತ್ರೆಯ ಸುಟ್ಟಗಾಯವೋ ಎಂದು ಡಾಕ್ಟರಿಗೆ ತಿಳಿಸುವ ಗುರುತುಗಳಿವೆ. ನುಂಗುವಾಗಲೇ ನೋವು, ಒಂದು ಬೆರಳಿಟ್ಟು ಇಲ್ಲೇ ಎಂದು ತೋರಿಸಬಹುದಾದ ಜಾಗ, ಬಿಸಿ ಮತ್ತು ಖಾರ ಇಳಿಯುವಾಗ ಉರಿ ಏರುವುದು, ಮಾತ್ರೆ ನುಂಗಿ ಕೆಲವು ಗಂಟೆಗೆ ಅಥವಾ ಮರುದಿನ ಶುರುವಾಗುವುದು. ಈ ಕೊನೆಯದನ್ನು ರೋಗಿಯಾಗಲಿ ಮನೆಯವರಾಗಲಿ ತಾವಾಗಿ ಹೇಳುವುದಿಲ್ಲ, ಏಕೆಂದರೆ ಜ್ವರದ ಮಾತ್ರೆಗೂ ಎದೆನೋವಿಗೂ ಸಂಬಂಧವಿರಬಹುದೆಂದು ಅವರಿಗೆ ಹೊಳೆಯುವುದಿಲ್ಲ. ಕಾಯಿಲೆಗೆ ಬರೆದ ಕ್ಯಾಪ್ಸೂಲಿನ ಸ್ಟ್ರಿಪ್ಪನ್ನೇ ಜೇಬಲ್ಲಿ ಹಾಕಿಕೊಂಡು ಹೋಗಿ ತೋರಿಸಿದರೆ ಅರ್ಧ ಕೆಲಸ ಆದ ಹಾಗೆ.

ಭಾವನಿಗೆ ಡಾಕ್ಟರು ಡಾಕ್ಸಿಸೈಕ್ಲಿನ್ ನಿಲ್ಲಿಸಿ, ಅದರ ಬದಲು ಅಜಿಥ್ರೊಮೈಸಿನ್ ಬರೆದರು. ಹೊಟ್ಟೆಯ ಆಮ್ಲ ಕಡಿಮೆ ಮಾಡುವ ಮಾತ್ರೆ ಬೆಳಿಗ್ಗೆ ಖಾಲಿ ಹೊಟ್ಟೆಗೆ, ಹುಣ್ಣಿಗೆ ಲೇಪದಂತೆ ಕೂರುವ ಸುಕ್ರಾಲ್ಫೇಟ್ ಸಿರಪ್ಪು ಊಟಕ್ಕೆ ಮೊದಲು. ಎರಡು ದಿನ ಗಂಜಿ ಆರಿಸಿ ಉಣ್ಣುವುದು, ಒಗ್ಗರಣೆಗೆ ಮೆಣಸು ಹಾಕದ ತಂಬುಳಿ, ಬಿಸಿ ಚಹಾ ಬೇಡ. ಎಂಡೋಸ್ಕೋಪಿ ಮಾಡಲಿಲ್ಲ, ಹೇಳಿದ ಕತೆ ಇಷ್ಟು ಸ್ಪಷ್ಟವಿದ್ದಾಗ ಹೆಚ್ಚಾಗಿ ಮಾಡುವುದೂ ಇಲ್ಲ. ಕಾರಣದ ಮಾತ್ರೆ ನಿಂತರೆ ಕೆಲವು ದಿನದಿಂದ ಒಂದೆರಡು ವಾರದಲ್ಲಿ ಹುಣ್ಣು ತಾನಾಗಿ ಮಾಯುತ್ತದೆ. ಭಾವ ಐದನೆಯ ದಿನಕ್ಕೆ ಅನ್ನ ಉಂಡ. ಆದರೆ ನೀರು, ಎಂಜಲು ಕೂಡ ಇಳಿಯದಿದ್ದರೆ, ರಕ್ತ ವಾಂತಿಯಾದರೆ, ಮಲ ಡಾಂಬರಿನಂತೆ ಕಪ್ಪಾದರೆ, ಎದೆನೋವಿನ ಜೊತೆ ಮತ್ತೆ ಜ್ವರ ಅಥವಾ ಉಸಿರು ಕಟ್ಟುವುದು ಶುರುವಾದರೆ ಕಾಯಬಾರದು, ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು.

ಆಸಿಡಿಟಿ ಸಿರಪ್ಪಿನ ಬಗ್ಗೆ ಒಂದು ಮಾತು. ಎದೆ ಉರಿಯೆಂದು ಅದನ್ನು ಕುಡಿದು, ಹಿಂದೆಯೇ ಡಾಕ್ಸಿಸೈಕ್ಲಿನ್ ನುಂಗುವವರಿದ್ದಾರೆ. ಆ ಸಿರಪ್ಪಿನ ಅಲ್ಯೂಮಿನಿಯಂ, ಮೆಗ್ನೀಸಿಯಂ ಈ ಔಷಧವನ್ನು ಹೊಟ್ಟೆಯಲ್ಲೇ ಹಿಡಿದು ಕಟ್ಟಿಹಾಕುತ್ತವೆ, ರಕ್ತಕ್ಕೆ ಸೇರಗೊಡುವುದಿಲ್ಲ. ಸುಕ್ರಾಲ್ಫೇಟಿಗೂ ಅದೇ ಗುಣ. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆಗಳದ್ದೂ ಅದೇ ಕತೆ. ಇವಕ್ಕೂ ಕ್ಯಾಪ್ಸೂಲಿಗೂ ನಡುವೆ ಎರಡು, ಮೂರು ಗಂಟೆಯ ಅಂತರವಾದರೂ ಬೇಕು. ಕಬ್ಬಿಣವಾದರೆ ಇನ್ನೂ ದೂರ, ಕ್ಯಾಪ್ಸೂಲು ಬೆಳಿಗ್ಗೆ ನುಂಗಿ ಕಬ್ಬಿಣ ಮಧ್ಯಾಹ್ನದ ಊಟದ ಮೇಲೆ ಇಟ್ಟುಕೊಂಡರೆ ಆಯಿತು. ಊಟದ ಜೊತೆಗಿನ ಮಜ್ಜಿಗೆ, ಚಹಾದ ಹಾಲಿನಿಂದ ಅಷ್ಟು ತೊಂದರೆಯಿಲ್ಲ. ಹಾಲು, ಊಟದ ಜೊತೆ ತೆಗೆದುಕೊಂಡರೆ ಸುಮಾರು ಐದನೇ ಒಂದು ಭಾಗ ಕಡಿಮೆ ಸೇರುತ್ತದೆ, ಅದಕ್ಕೆ ಗುಣವೇನೂ ತಪ್ಪುವುದಿಲ್ಲ. ಖಾಲಿ ಹೊಟ್ಟೆಗೆ ನುಂಗಿ ವಾಂತಿ ಮಾಡಿಕೊಂಡರೆ ಐದನೇ ಒಂದಲ್ಲ, ಪೂರ್ತಿಯೇ ಹೋಯಿತು.

ಹಾಗಾದರೆ ನುಂಗುವುದು ಹೇಗೆ? ಮೊದಲು ಲೋಟದ ಮಾತು. ನಮ್ಮ ಮನೆಗಳ ಚಹಾ ಲೋಟ ನೂರು, ನೂರಿಪ್ಪತ್ತು ಮಿಲಿಲೀಟರಿಗಿಂತ ಹೆಚ್ಚು ಹಿಡಿಯುವುದಿಲ್ಲ. ‘ಒಂದು ಲೋಟ ನೀರು’ ಎಂದರೆ ಜನರ ಕಣ್ಣಿಗೆ ಬರುವುದು ಅದೇ. ಬೇಕಾದದ್ದು 200ರಿಂದ 250 ಮಿಲಿಲೀಟರ್. ಅಂಗಡಿಯ ನೀರಿನ ಬಾಟಲಿ ಒಂದು ಲೀಟರಿನದಾದರೆ ಅದರ ಕಾಲು ಭಾಗ. ಮನೆಯ ದೊಡ್ಡ ಸ್ಟೀಲ್ ಲೋಟಕ್ಕೆ ಒಮ್ಮೆ ಈ ಲೆಕ್ಕದಲ್ಲಿ ನೀರು ಸುರಿದು ಎಲ್ಲಿಯವರೆಗೆ ಬರುತ್ತದೆಂದು ನೋಡಿಕೊಂಡರೆ ಏಳು ದಿನಕ್ಕೂ ಅದೇ ಅಳತೆ.

ಇನ್ನೊಂದು, ನಮ್ಮ ಕಡೆಯ ಎತ್ತಿ ಕುಡಿಯುವ ಅಭ್ಯಾಸ. ತುಟಿ ತಾಗಿಸದೆ, ತಲೆ ಹಿಂದಕ್ಕೆ ಬಾಗಿಸಿ ತಂಬಿಗೆಯಿಂದ ನೀರು ಬಿಟ್ಟುಕೊಳ್ಳುತ್ತೇವೆ. ಕ್ಯಾಪ್ಸೂಲಿಗೆ ಇದು ಹೊಂದುವುದಿಲ್ಲ. ಗುಳಿಗೆ ಭಾರ, ನೀರಲ್ಲಿ ಮುಳುಗುತ್ತದೆ. ಕ್ಯಾಪ್ಸೂಲಿನೊಳಗೆ ಗಾಳಿಯಿದೆ, ತೇಲುತ್ತದೆ. ತಲೆ ಹಿಂದಕ್ಕೆ ಬಾಗಿಸಿದರೆ ತೇಲುವ ಕ್ಯಾಪ್ಸೂಲು ಹಲ್ಲಿನ ಕಡೆಗೆ ಬರುತ್ತದೆ, ನೀರು ಮಾತ್ರ ಗಂಟಲಿಗೆ ಇಳಿಯುತ್ತದೆ. ಆಮೇಲೆ ಒಣಬಾಯಲ್ಲಿ ಬರಿ ಕ್ಯಾಪ್ಸೂಲು ನುಂಗುವ ಕಷ್ಟ. ತಿರುಗಿಸಿ ಮಾಡಿದರೆ ಸಲೀಸು: ಬಾಯಲ್ಲಿ ಕ್ಯಾಪ್ಸೂಲಿಟ್ಟು, ಲೋಟವನ್ನು ತುಟಿಗೇ ಇಟ್ಟು ಒಂದು ಗುಟುಕು ನೀರು ತೆಗೆದುಕೊಂಡು, ಗದ್ದವನ್ನು ಎದೆಯ ಕಡೆಗೆ ಬಗ್ಗಿಸಿ ನುಂಗುವುದು. ತೇಲುವ ವಸ್ತು ಈಗ ಗಂಟಲಿನ ಕಡೆಗೇ ಹೋಗುತ್ತದೆ. ಎಷ್ಟೋ ವರ್ಷ ‘ಕ್ಯಾಪ್ಸೂಲು ನುಂಗಲು ಬರುವುದಿಲ್ಲ’ ಎನ್ನುತ್ತಿದ್ದವರು ಈ ಒಂದು ಬಗ್ಗುವಿಕೆಯಿಂದ ನುಂಗಿದ್ದನ್ನು ನೋಡಿದ್ದೇನೆ.

ಕ್ರಮ ಇಷ್ಟೇ. ಕೂತು ಅಥವಾ ನಿಂತು, ಮೊದಲು ಬರಿ ನೀರು ಎರಡು ಗುಟುಕು ಕುಡಿಯಿರಿ, ಗಂಟಲು ಒದ್ದೆಯಾಗಲಿ. ಬಳಿಕ ಕ್ಯಾಪ್ಸೂಲು ಇಟ್ಟು ಬಗ್ಗಿ ನುಂಗಿ. ನಂತರ ಉಳಿದ ನೀರೆಲ್ಲ ನಿಧಾನವಾಗಿ ಕುಡಿದು ಮುಗಿಸಿ. ನುಂಗಿದ ಕೂಡಲೇ ಲೋಟ ಕೆಳಗಿಡುವವರೇ ಹೆಚ್ಚು. ಆದರೆ ಕ್ಯಾಪ್ಸೂಲನ್ನು ಹೊಟ್ಟೆಯವರೆಗೆ ತಳ್ಳುವುದು ಆಮೇಲಿನ ನೀರು. ಅದಾದ ಮೇಲೆ ಅರ್ಧ ಗಂಟೆಯಾದರೂ ಒರಗಬಾರದು, ಗಂಟೆಯಾದರೆ ಇನ್ನೂ ಒಳ್ಳೆಯದು. ನಾನು ಎಲ್ಲರಿಗೂ ಹೇಳುವುದು, ಊಟದ ನಂತರ ಎನ್ನುವುದಕ್ಕಿಂತ ಊಟದ ನಡುವೆ ನುಂಗಿ ಎಂದು. ಬೆಳಗಿನ ಆಸ್ರಿಯಲ್ಲಿ ಒಂದು ತೆಳ್ಳೇವು ತಿಂದು, ಕ್ಯಾಪ್ಸೂಲು ಮತ್ತು ಪೂರ್ತಿ ನೀರು, ಆಮೇಲೆ ಇನ್ನೊಂದು ತೆಳ್ಳೇವು. ಹಿಂದಿನಿಂದ ಬರುವ ತುತ್ತುಗಳು ಕ್ಯಾಪ್ಸೂಲನ್ನು ಕೆಳಗೆ ದೂಡಿಕೊಂಡು ಹೋಗುತ್ತವೆ, ಹೊಟ್ಟೆ ತೊಳಸುವುದೂ ತಪ್ಪುತ್ತದೆ. ರಾತ್ರಿಯದು ಎಂಟರ ಊಟದ ನಡುವೆ. ಮಲಗುವ ಹೊತ್ತಿಗೆ ನೆನಪಾದರೆ ಎದ್ದು ಕೂತು, ಎರಡು ತುತ್ತು ಅನ್ನವನ್ನೋ ಬಾಳೆಹಣ್ಣನ್ನೋ ತಿಂದು, ನೀರು ಕುಡಿದು, ಗಂಟೆಯವರೆಗೆ ಕೂತಿದ್ದು ಮಲಗಬೇಕು. ಅದು ಆಗದಷ್ಟು ನಿದ್ದೆ ಬಂದಿದ್ದರೆ, ಬೆಳಿಗ್ಗೆ ಬೇಗ ಎದ್ದು ನುಂಗಿ, ಮುಂದಿನದನ್ನು ಮಾಮೂಲಿ ಹೊತ್ತಿಗೆ ತೆಗೆದುಕೊಳ್ಳುವುದೇ ಮೇಲು. ಎರಡನ್ನು ಒಟ್ಟಿಗೆ ನುಂಗಬಾರದು. ಕ್ಯಾಪ್ಸೂಲು ಬಿಚ್ಚಿ ಹಳದಿ ಪುಡಿಯನ್ನು ಜೇನಲ್ಲಿ ಕಲಸಿ ನೆಕ್ಕುವುದೂ ಬೇಡ. ಸುಡುವ ಪುಡಿಯನ್ನು ಕೈಯಾರೆ ಗಂಟಲಿಗೆ ಬಳಿದ ಹಾಗಾಗುತ್ತದೆ. ನುಂಗಲಿಕ್ಕೆ ಆಗುವುದೇ ಇಲ್ಲ ಎನ್ನುವವರು ಡಾಕ್ಟರಿಗೆ ಹೇಳಿದರೆ ನೀರಲ್ಲಿ ಕರಗುವ ಗುಳಿಗೆಯನ್ನೋ, ಬೇರೆ ಔಷಧವನ್ನೋ ಯೋಚಿಸುತ್ತಾರೆ.

ಕರಾವಳಿಯಲ್ಲಿ ಇಲಿಜ್ವರ ತಡೆಗೆಂದು ವಾರಕ್ಕೊಮ್ಮೆ 200 ಮಿಲಿಗ್ರಾಂ, ಅಂದರೆ ಎರಡು ಕ್ಯಾಪ್ಸೂಲು ಒಮ್ಮೆಲೇ ಬರೆದಿರುವುದುಂಟು. ಎರಡನ್ನೂ ಒಟ್ಟಿಗೆ ಬಾಯಿಗೆ ಹಾಕಿಕೊಳ್ಳದೆ, ಒಂದು ನುಂಗಿ ಅರ್ಧ ಲೋಟ, ಇನ್ನೊಂದು ನುಂಗಿ ಇನ್ನೊಂದು ಲೋಟ ಎಂದು ನಾನು ಹೇಳುತ್ತೇನೆ. ದೋಣಿಗೆ ಹೊರಡುವ ಗಡಿಬಿಡಿಯಲ್ಲಿ, ಕುಡಿಯುವ ನೀರು ಲೆಕ್ಕದಲ್ಲಿರುವ ಜಾಗದಲ್ಲಿ ನುಂಗುವುದಕ್ಕಿಂತ ಮನೆಯಲ್ಲಿ ಊಟ ಮಾಡುವ ದಿನಕ್ಕೆ ಅದನ್ನು ಗೊತ್ತುಮಾಡಿಕೊಳ್ಳುವುದು ಒಳ್ಳೆಯದು.

ಇಲ್ಲಿಯವರೆಗಿನದು ಭಾವನ ಮೊದಲ ಅಪಾಯ. ಎರಡನೆಯದು ಅದೇ ದಿನ ಮಧ್ಯಾಹ್ನ ಕಾದಿತ್ತು.

ಆಸ್ಪತ್ರೆಯಿಂದ ಹತ್ತು ಗಂಟೆಗೆಲ್ಲ ಮನೆಗೆ ಬಂದ. ಎದೆನೋವು ಸ್ವಲ್ಪ ಇಳಿದಿತ್ತು, ಜ್ವರ ಬಿಟ್ಟಿತ್ತು. ಅಂಗಳದಲ್ಲಿ ಬೇಯಿಸಿದ ಅಡಿಕೆ ಹರವಿತ್ತು. ಕೈ ಕಟ್ಟಿ ಕೂರುವ ಜಾಯಮಾನವಲ್ಲ. ಹನ್ನೊಂದರಿಂದ ಎರಡರವರೆಗೆ ತಲೆಗೆ ಹಾಳೆ ಟೊಪ್ಪಿ ಇಟ್ಟು, ಬನಿಯನ್ನಿನಲ್ಲಿ ಕೂತು ಅಡಿಕೆ ಕೈಯಾಡಿಸಿದ. ಬಿಸಿಲಿಗೆ ಹೋಗಬೇಡಿ ಎಂದು ಮೊದಲ ದಿನ ನಾನು ಹೇಳಿದ್ದೆ. “ಆ ಮಾತ್ರೆ ಬಿಟ್ಟಾತಲ ಇನ್ನು” ಎಂದು ಅಕ್ಕನಿಗೆ ಹೇಳಿದನಂತೆ.

ಮಾತ್ರೆ ನುಂಗುವುದು ಬಿಟ್ಟಿತ್ತು, ಮೈಯಿಂದ ಬಿಟ್ಟಿರಲಿಲ್ಲ. ಡಾಕ್ಸಿಸೈಕ್ಲಿನ್ ರಕ್ತದಲ್ಲಿ ಅರ್ಧಕ್ಕೆ ಇಳಿಯಲು 16ರಿಂದ 22 ಗಂಟೆ ಬೇಕು. ಕೊನೆಯ ಕ್ಯಾಪ್ಸೂಲು ಹಿಂದಿನ ರಾತ್ರಿ ಹತ್ತೂವರೆಗೆ. ಅಂಗಳಕ್ಕಿಳಿದಾಗ ಹನ್ನೆರಡೂವರೆ ಗಂಟೆಯಷ್ಟೇ ಆಗಿತ್ತು, ಅರ್ಧಕ್ಕಿಂತ ಹೆಚ್ಚು ಔಷಧ ಇನ್ನೂ ಮೈಯಲ್ಲೇ. ಅರ್ಧದ ಅರ್ಧ, ಅದರ ಅರ್ಧ ಎಂದು ಐದು ಸಲ ಇಳಿದರೆ ಗಣನೆಗೆ ಬಾರದಷ್ಟು ಉಳಿಯುತ್ತದೆ. ಅದಕ್ಕೆ ಮೂರೂವರೆಯಿಂದ ನಾಲ್ಕೂವರೆ ದಿನ. ಹಾಗಾಗಿ ಕೊನೆಯ ಕ್ಯಾಪ್ಸೂಲಿನ ನಂತರವೂ ಐದು ದಿನ ಬಿಸಿಲಿನ ಎಚ್ಚರ ಬಿಡಬಾರದೆಂದು ಲೆಕ್ಕ ಹಾಕಿ ಹೇಳುತ್ತೇನೆ.

ಈ ಔಷಧ ಮೈಯಲ್ಲಿರುವಾಗ ಬಿಸಿಲಿಗೆ ಹೋದರೆ ಚರ್ಮ ಸುಡಬಹುದು. ಇದು ಅಲರ್ಜಿಯಲ್ಲ ಎನ್ನುವುದು ಮುಖ್ಯ. ಅಲರ್ಜಿಯಾದರೆ ಕೆಲವರಿಗೆ ಮಾತ್ರ. ಇದು ಸಾಕಷ್ಟು ಔಷಧ, ಸಾಕಷ್ಟು ಬಿಸಿಲು ಸೇರಿದರೆ ಯಾರಿಗೂ, ಮೊದಲ ಸಲವೇ ಆಗಬಹುದು. ಚರ್ಮದಲ್ಲಿರುವ ಔಷಧ ಬಿಸಿಲಿನ ಯುವಿ-ಎ ಕಿರಣಗಳನ್ನು ಹೀರಿಕೊಂಡು, ಆ ಶಕ್ತಿಯನ್ನು ಸುತ್ತಲಿನ ಜೀವಕೋಶಗಳ ಮೇಲೆ ಸುರಿಯುತ್ತದೆ. ದಿನಕ್ಕೆ 100 ಮಿಲಿಗ್ರಾಂ ತೆಗೆದುಕೊಳ್ಳುವವರಿಗಿಂತ 200 ತೆಗೆದುಕೊಳ್ಳುವವರಿಗೆ ಹೆಚ್ಚು. ಯುವಿ-ಎ ತೆಳು ಮೋಡವನ್ನೂ ಕಿಟಕಿಯ ಗಾಜನ್ನೂ ದಾಟಿ ಬರುತ್ತದೆ. ದೇವಿಮನೆ ಘಟ್ಟ ಇಳಿದು ಕುಮಟೆಗೆ ಹೋಗುವ ಬಸ್ಸಿನಲ್ಲಿ ಬಿಸಿಲ ಬದಿಯ ಕಿಟಕಿಗೆ ಕೂತರೆ, ಗಾಜು ಹಾಕಿದ್ದರೂ ಒಂದೇ ತೋಳು ಸುಡಬಹುದು. ಕಡಲತೀರದಲ್ಲಿ ನೀರು, ಮರಳಿನಿಂದ ಬೆಳಕು ಮೇಲಕ್ಕೆ ತಿರುಗಿ ಹೊಡೆಯುತ್ತದೆ. ಸಾಣಿಕಟ್ಟಾದ ಉಪ್ಪಿನ ಆಗರದಲ್ಲಿ, ಒಣಮೀನು ಹರವುವ ದಡದಲ್ಲಿ ಕೆಲಸ ಮಾಡುವವರಿಗೆ ಛತ್ರಿಯೊಂದೇ ಸಾಲದು. ಗದ್ದದ ಕೆಳಗೆ, ಮೂಗಿನ ಅಡಿಗೆ ಬಿಸಿಲು ತಾಗುತ್ತದೆ.

ಭಾವನಿಗೆ ಮೊದಲು ಆದದ್ದು ಕೈಬೆನ್ನಿನ ಮೇಲೆ ಸೂಜಿ ಚುಚ್ಚಿದಂಥ ಜುಮುಜುಮು. ಈ ಜುಮುಜುಮು ಎಚ್ಚರಿಕೆಯ ಗಂಟೆ. ಆಗಲೇ ನೆರಳಿಗೆ ಎದ್ದರೆ ಎಷ್ಟೋ ಪಾಲು ಉಳಿಯುತ್ತದೆ. ಭಾವನಿಗೆ ಅದು ಗೊತ್ತಿರಲಿಲ್ಲ. ಇನ್ನೊಂದು ತೊಂದರೆ, ಕೊನೆಕೊಯ್ಲಿನ ಕೈ. ಅಡಿಕೆಯ ಚೊಗರಿನಿಂದ ಬೆರಳು, ಅಂಗೈ, ಮಣಿಕಟ್ಟಿನವರೆಗೆ ಕಂದು ಹಿಡಿದಿತ್ತು. ಕೆಂಪಾದದ್ದು ಯಾರಿಗೂ ಕಾಣಲಿಲ್ಲ. ನಮ್ಮ ಮೈಬಣ್ಣದಲ್ಲಿ ಕೆಂಪು ಮೊದಲೇ ಕಡಿಮೆ ಕಾಣುತ್ತದೆ, ಚೊಗರಿನ ಕೆಳಗೆ ಪೂರ್ತಿ ಮುಚ್ಚಿಹೋಯಿತು. ಸಂಜೆ ಬಚ್ಚಲಲ್ಲಿ ಹಂಡೆಯ ಬಿಸಿನೀರು ಕೈಗೆ ಬಿದ್ದಾಗ ಕೂಗಿಕೊಂಡ. “ಸುಡ್ತಾ ಇದ್ದು, ಸುಡ್ತಾ ಇದ್ದು” ಎಂದು ಕೈ ಹಿಡಿದುಕೊಂಡೇ ನಮ್ಮ ಮನೆಗೆ ಬಂದ.

ದೀಪದ ಕೆಳಗೆ ಕೈ ಹಿಡಿದು ನೋಡಿದೆ. ಕೈಬೆನ್ನು ಊದಿ ಹೊಳೆಯುತ್ತಿತ್ತು, ಬೆರಳಿನ ಗೆಣ್ಣುಗಳ ನಡುವಿನ ಗೆರೆಗಳು ಮಾಯವಾಗಿದ್ದವು. ವಾಚಿನ ಪಟ್ಟಿಯ ಅಗಲಕ್ಕೆ ಸರಿಯಾಗಿ ಒಂದು ಬಳೆಯಷ್ಟು ಚರ್ಮ ಏನೂ ಆಗದೆ ಉಳಿದಿತ್ತು. ಉಂಗುರದ ಕೆಳಗೂ ಹಾಗೆಯೇ. ಮೂಗಿನ ಮೇಲೆ, ಕಿವಿಯ ಅಂಚಿನಲ್ಲಿ, ಬನಿಯನ್ನಿನ ಕುತ್ತಿಗೆಯ ಆಕಾರಕ್ಕೆ, ಪಾದದ ಮೇಲೆ ಸುಟ್ಟಿತ್ತು. ಹಾಳೆ ಟೊಪ್ಪಿ ನೆತ್ತಿಯನ್ನು ಕಾದಿತ್ತು. ಅದಕ್ಕೆ ಅಂಚಿಲ್ಲದ್ದರಿಂದ ಮುಖಕ್ಕೆ ನೆರಳು ಕೊಡಲಿಲ್ಲ. ಔಷಧದ ಅಲರ್ಜಿಯ ಗಂದೆಗಳಾದರೆ ಬಟ್ಟೆಯ ಒಳಗೂ ಏಳುತ್ತವೆ, ತುರಿಸುತ್ತವೆ. ಇದು ಬಟ್ಟೆ ಮುಚ್ಚಿದಲ್ಲಿ ಗೆರೆ ಎಳೆದಂತೆ ನಿಲ್ಲುತ್ತದೆ, ಉರಿಯುತ್ತದೆ. ಗುರುತಿಸಲು ಆ ಗೆರೆಯೇ ಸಾಕು.

ತಣ್ಣೀರಲ್ಲಿ ಅದ್ದಿ ಹಿಂಡಿದ ಹತ್ತಿಬಟ್ಟೆಯನ್ನು ಹದಿನೈದು ನಿಮಿಷ ಹೊದಿಸುವುದು, ದಿನಕ್ಕೆ ನಾಲ್ಕೈದು ಸಲ. ನೇರವಾಗಿ ಐಸು ಬೇಡ. ಉರಿಗೆ ಪ್ಯಾರಾಸಿಟಮಾಲ್. ಉಂಗುರವನ್ನು ಊತ ಇನ್ನೂ ಏರುವ ಮೊದಲೇ ಸೋಪು ಹಚ್ಚಿ ತೆಗೆಸಿದೆವು. ಅಕ್ಕ ಮುರುಗಲು ತುಪ್ಪ ತಂದಿದ್ದರು; ಅದನ್ನು ಆ ದಿನ ಹಚ್ಚಲು ಬಿಡಲಿಲ್ಲ. ಹಸಿ ಸುಟ್ಟಗಾಯದ ಮೇಲೆ ಜಿಡ್ಡು ಕೂತರೆ ಬಿಸಿ ಒಳಗೇ ನಿಲ್ಲುತ್ತದೆ. ವಾರದ ಮೇಲೆ ಚರ್ಮ ಒಣಗಿ ಸುಲಿಯುವಾಗ, ಎಲ್ಲೂ ಒಡೆದ ಗಾಯವಿಲ್ಲದಿದ್ದರೆ, ಅದೇ ತುಪ್ಪ ಹಿತ ಕೊಡುತ್ತದೆ. ಅರಿಶಿನ, ಟೂತ್‌ಪೇಸ್ಟು ಯಾವಾಗಲೂ ಬೇಡ. ಮರುದಿನ ಎರಡು ಸಣ್ಣ ಗುಳ್ಳೆ ಎದ್ದವು, ಒಡೆಯದೆ ಬಿಟ್ಟೆವು. ಗುಳ್ಳೆಗಳು ದೊಡ್ಡವಾಗಿ ಹರಡಿದರೆ, ಕಣ್ಣಿನ ಸುತ್ತ ಊದಿದರೆ, ಕೀವು ಕಂಡರೆ ಡಾಕ್ಟರಿಗೆ ತೋರಿಸಲೇಬೇಕು.

ತಡೆಯುವುದಕ್ಕೆ ಬಟ್ಟೆಯಷ್ಟು ಒಳ್ಳೆಯದು ಬೇರೆಯಿಲ್ಲ. ದಪ್ಪ ನೇಯ್ಗೆಯ ತುಂಬುತೋಳಿನ ಅಂಗಿ, ಕೈಬೆನ್ನಿಗೆ ತೋಟದ ಕೆಲಸದ ಹತ್ತಿ ಗವಸು, ಅಂಚಿರುವ ಟೋಪಿ, ಕಿವಿ ಕುತ್ತಿಗೆ ಮುಚ್ಚುವಂತೆ ಟವೆಲು. ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗಿನ ಅಂಗಳದ ಕೆಲಸ ಬೇರೆಯವರಿಗೆ. ಸನ್‌ಸ್ಕ್ರೀನ್ ಕೊಳ್ಳುವವರು ಎಸ್‌ಪಿಎಫ್ ಅಂಕಿ ಮಾತ್ರ ನೋಡುತ್ತಾರೆ. ಆ ಅಂಕಿ ಮುಖ್ಯವಾಗಿ ಯುವಿ-ಬಿಯ ಲೆಕ್ಕ. ಇಲ್ಲಿ ಸುಡುವುದು ಯುವಿ-ಎ. ಡಬ್ಬಿಯ ಮೇಲೆ PA ಎಂಬ ಅಕ್ಷರಗಳ ಮುಂದೆ ಮೂರೋ ನಾಲ್ಕೋ ಕೂಡುವ ಚಿಹ್ನೆ ಇರುವುದನ್ನು, PA++++ ಎಂದಿದ್ದರೆ ಅದನ್ನೇ ಕೇಳಿ. ಮುಖ ಕುತ್ತಿಗೆಗೆ ಎರಡು ಬೆರಳಿನುದ್ದದ ಎರಡು ಗೆರೆಯಷ್ಟು ಬೇಕು, ಬೆವರುವ ಕೆಲಸವಾದರೆ ಎರಡು ಗಂಟೆಗೊಮ್ಮೆ ಮತ್ತೆ. ಇಷ್ಟೆಲ್ಲ ಹಚ್ಚಿದರೂ ಮಧ್ಯಾಹ್ನದ ಅಂಗಳಕ್ಕೆ ಅದೊಂದನ್ನೇ ನಂಬಬಾರದು.

ಉಳಿದ ಎಂಟು ಕ್ಯಾಪ್ಸೂಲುಗಳನ್ನು ಅಕ್ಕ ಡಬ್ಬಿಯಲ್ಲಿ ಎತ್ತಿಟ್ಟಿದ್ದರು, ಮುಂದಿನ ಜ್ವರಕ್ಕೆ ಬೇಕಾದೀತೆಂದು. ಕೇಳಿ ವಾಪಸು ಪಡೆದೆ. ಬೇಸಿಗೆ ಹತ್ತಿರವಾದಂತೆ ಶಿರಸಿ, ಸಿದ್ದಾಪುರದ ಕಾಡಂಚಿನಲ್ಲಿ ಬರುವ ಜ್ವರ ಮಂಗನಕಾಯಿಲೆಯದೂ ಇರಬಹುದು. ಅದು ವೈರಸ್ಸು, ಡಾಕ್ಸಿಸೈಕ್ಲಿನ್ ಅದಕ್ಕೆ ಏನೂ ಮಾಡದು. ಹಳೆಯ ಕ್ಯಾಪ್ಸೂಲು ನುಂಗಿ ಎರಡು ದಿನ ಕಾದರೆ ಪರೀಕ್ಷೆಗೆ ಹೋಗುವುದು ತಡವಾಗುವುದಷ್ಟೇ. ಬಸುರಿಯರು, ಸಣ್ಣ ಮಕ್ಕಳಿರುವ ಮನೆಯಲ್ಲಂತೂ ಇದನ್ನು ಡಾಕ್ಟರು ನೋಡದೆ ಕೊಡಲೇಬಾರದು.

ಮೂರು ವಾರದ ಮೇಲೆ ಭಾವ ಮತ್ತೆ ಕೈ ತೋರಿಸಿದ. ಚರ್ಮ ಸುಲಿದು ಕೆಳಗೆ ಹೊಸದು ಬಂದಿತ್ತು, ಕೈಬೆನ್ನಿನಲ್ಲಿ ಮಸುಕು ಕಪ್ಪು ಉಳಿದಿತ್ತು. ಆದರೆ ಎರಡು ಉಗುರುಗಳ ತುದಿ ಮಾಂಸದಿಂದ ಬಿಟ್ಟು ಬಿಳಿಯಾಗಿತ್ತು, ನೆಲದಿಂದ ಮೇಲೆದ್ದ ಸಗಣಿಯ ಹೆಪ್ಪಳಿಕೆಯ ಹಾಗೆ. ಕೆರೆಕಜ್ಜಿಯ ಮುಲಾಮು ತರಲೆಂದು ಹೊರಟಿದ್ದ. ಅದು ಬೇಕಿಲ್ಲ. ಉಗುರು ಬೆಳಕನ್ನು ಒಳಗೆ ಬಿಡುತ್ತದೆ, ಕೆಳಗಿನ ಚರ್ಮದಲ್ಲಿದ್ದ ಔಷಧ ಅಲ್ಲೂ ಸುಟ್ಟಿದೆ. ಬಿಟ್ಟ ಭಾಗವನ್ನು ಕೀಳದೆ, ಗಿಡ್ಡಕ್ಕೆ ಕತ್ತರಿಸಿ, ಚೊಗರಿನ ನೀರಿಗೆ ಇಳಿಯುವಾಗ ಗವಸು ಹಾಕಿಕೊಂಡರೆ ಕೆಳಗಿನಿಂದ ಹೊಸ ಉಗುರು ಬರುತ್ತದೆ. ಕೈಬೆರಳಿನ ಉಗುರು ಬುಡದಿಂದ ತುದಿಯವರೆಗೆ ಬೆಳೆಯಲು ಸುಮಾರು ಆರು ತಿಂಗಳು ಬೇಕು.